ಎಣ್ಣೆ ಸ್ನಾನಕ್ಕೆ ಮುಂಚೆ, ಸೀರಮ್ ಸ್ನಾನದ ಮೇಲೆ

ಕೆದರುವ ಕೂದಲಿಗೆ ತೆಂಗಿನೆಣ್ಣೆ ಒಳ್ಳೆಯದೋ ಸೀರಮ್ ಒಳ್ಳೆಯದೋ ಎಂಬ ಮಾತು ಮಳೆಗಾಲ ಹಿಡಿದ ಕೂಡಲೇ ಮನೆಗಳಲ್ಲಿ ಶುರುವಾಗುತ್ತದೆ. ಅಜ್ಜಿ, ಅಮ್ಮಂದಿರು ಎಣ್ಣೆಯ ಪರ, ಕಾಲೇಜಿಗೆ, ಆಫೀಸಿಗೆ ಹೋಗುವವರು ಸೀರಮ್ಮಿನ ಪರ. ಒಬ್ಬರಿಗೆ ಸೀರಮ್ ಎಂದರೆ ಕೂದಲು ಹಾಳುಮಾಡುವ ರಾಸಾಯನಿಕ, ಇನ್ನೊಬ್ಬರಿಗೆ ಎಣ್ಣೆ ಎಂದರೆ ಅಂಟು, ಜಿಡ್ಡು, ದಿಂಬಿನ ಮೇಲಿನ ಕಲೆ. ಈ ವಿಷಯದಲ್ಲಿ ಪ್ರಯೋಗಾಲಯಗಳು ಕಂಡುಕೊಂಡಿರುವುದನ್ನು ಓದುತ್ತಾ ಹೋದಂತೆ ನನಗೆ ಸ್ಪಷ್ಟವಾದ ಸಂಗತಿ ಒಂದಿದೆ. ಇವೆರಡೂ ಒಂದೇ ಕೆಲಸ ಮಾಡುವ ಪದಾರ್ಥಗಳಲ್ಲ, ಒಂದೇ ಹೊತ್ತಿನಲ್ಲಿ ಬಳಸುವಂಥವೂ ಅಲ್ಲ. ತೆಂಗಿನೆಣ್ಣೆ ಕೂದಲಿನ ಒಳಕ್ಕೆ ಇಳಿಯುತ್ತದೆ. ಅದಕ್ಕೆ ಸಮಯ ಬೇಕು, ಅದು ಉಪಯೋಗಕ್ಕೆ ಬರುವುದು ತಲೆ ತೊಳೆಯುವ ಮೊದಲು. ಸಿಲಿಕೋನ್ ಸೀರಮ್ ಕೂದಲಿನ ಮೇಲೆ ಕೂರುತ್ತದೆ. ಅದರ ಕೆಲಸ ತಲೆ ತೊಳೆದ ನಂತರ ಶುರುವಾಗಿ ಮುಂದಿನ ಸ್ನಾನಕ್ಕೆ ಮುಗಿಯುತ್ತದೆ. ಜನ ಬೇಸರಪಡುವುದು ಬಹುಮಟ್ಟಿಗೆ ಒಂದರ ಹೊತ್ತಿನಲ್ಲಿ ಇನ್ನೊಂದನ್ನು ಹಚ್ಚಿದಾಗ.

ಮೊದಲು ಕೂದಲು ಕೆದರುವುದು ಏಕೆ ಎಂದು ನೋಡಬೇಕು. ಕೂದಲಿನ ಒಳತಿರುಳು ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳಿಂದ ಆದದ್ದು. ಅದರ ಮೇಲೆ ಮಾಡಿನ ಹೆಂಚುಗಳ ಹಾಗೆ ಒಂದರ ಮೇಲೊಂದು ಹೊದಿಸಿದ ತೆಳು ಪೊರೆಗಳಿವೆ. ಇವಕ್ಕೆ ಕ್ಯೂಟಿಕಲ್ ಎಂದು ಹೆಸರು. ಬುಡದಿಂದ ತುದಿಯ ಕಡೆಗೆ ಇಳಿಜಾರಾಗಿ ಹೊದಿಸಿರುವುದರಿಂದಲೇ ಬೆರಳನ್ನು ಬುಡದಿಂದ ತುದಿಗೆ ಸವರಿದರೆ ನುಣುಪು, ತುದಿಯಿಂದ ಬುಡಕ್ಕೆ ಸವರಿದರೆ ತಡೆ. ಈ ಪೊರೆಗಳ ಹೊರಮೈಯಲ್ಲಿ ಹುಟ್ಟಿನಿಂದಲೇ ಬಂದ ಕೊಬ್ಬಿನಾಮ್ಲದ ಒಂದು ಪದರ ಬಿಗಿಯಾಗಿ ಬೆಸೆದುಕೊಂಡಿರುತ್ತದೆ. ಹೊಸ ಕೂದಲು ನೀರನ್ನು ಅಷ್ಟು ಸುಲಭಕ್ಕೆ ಹೀರದೆ, ಪಕ್ಕದ ಕೂದಲಿನ ಮೇಲೆ ಜಾರುತ್ತಾ ಇರುವುದು ಈ ಪದರದಿಂದ. ಬ್ಲೀಚ್, ಕ್ಷಾರ ಇರುವ ಹೇರ್ ಕಲರ್, ಸ್ಟ್ರೈಟನಿಂಗ್ ಇದನ್ನು ಕಿತ್ತುಹಾಕುತ್ತವೆ. ಬಿಸಿಲು ಮತ್ತು ವರ್ಷಗಟ್ಟಲೆಯ ಬಾಚಣಿಗೆ ಅದನ್ನು ಸವೆಸುತ್ತವೆ. ಒಮ್ಮೆ ಹೋದರೆ ಅದು ಮತ್ತೆ ಬೆಳೆಯುವುದಿಲ್ಲ, ಏಕೆಂದರೆ ತಲೆಯ ಚರ್ಮದಿಂದ ಹೊರಬಂದ ಕೂದಲಿನಲ್ಲಿ ಜೀವಂತ ಕೋಶವೇ ಇಲ್ಲ.

ಇನ್ನು ನೀರು. ಪೂರ್ತಿ ಒಣಗಿದ ಕೂದಲು ತನ್ನ ತೂಕದ ಸುಮಾರು ಶೇಕಡ 30ರಷ್ಟು ನೀರನ್ನು ಹೀರಬಲ್ಲದು. ಆಗ ಅದು ಉದ್ದದಲ್ಲಿ ಹಿಗ್ಗುವುದು ಅತ್ಯಲ್ಪ, ದಪ್ಪದಲ್ಲಿ ಮಾತ್ರ ಸುಮಾರು ಶೇಕಡ 15ರಷ್ಟು ಹಿಗ್ಗುತ್ತದೆ. ಕೆರಾಟಿನ್ ಎಳೆಗಳ ನಡುವಿನ ಹೈಡ್ರೋಜನ್ ಬಂಧಗಳು ನೀರು ಸಿಕ್ಕಿದ ತಕ್ಷಣ ಬಿಡುತ್ತವೆ, ಒಣಗಿದಾಗ ಮತ್ತೆ ಕೂಡುತ್ತವೆ. ಡ್ರೈಯರ್ ಹಿಡಿದು ನೇರ ಮಾಡಿದ ಕೂದಲು ಮಧ್ಯಾಹ್ನದ ಹೊತ್ತಿಗೆ ತನ್ನ ಹಳೆಯ ತಿರುವಿಗೆ ಮರಳುವುದಕ್ಕೆ ಇದೇ ಕಾರಣ. ಗಾಳಿಯಲ್ಲಿನ ತೇವ ಆ ಬಂಧಗಳನ್ನು ಬಿಡಿಸಿರುತ್ತದೆ. ಎಲ್ಲ ಕೂದಲೂ ಒಂದೇ ಸಮನೆ ತಿರುಗಿದರೆ ತೊಂದರೆಯಿಲ್ಲ, ಅದು ಸುಂದರವಾದ ಗುಂಗುರು. ಒಂದೊಂದು ಕೂದಲು ಒಂದೊಂದು ದಿಕ್ಕಿಗೆ ತಿರುಗಿ, ಪಕ್ಕದ ಕೂದಲಿನ ಸಾಲು ಬಿಟ್ಟು ಹೊರಗೆ ಚಾಚಿದಾಗ ತಲೆಯ ಸುತ್ತ ಕೆದರಿದ ನೋಟ ಬರುತ್ತದೆ. ಇದು ತೇವದಿಂದಾಗುವ ಕೆದರು. ಕ್ಯೂಟಿಕಲ್ ಸವೆದು, ಕೂದಲು ಕೂದಲಿಗೆ ತೊಡರಿ, ಅಲ್ಲಲ್ಲಿ ಮುರಿದು ನಿಲ್ಲುವುದು ಇನ್ನೊಂದು ಬಗೆ, ಸವೆತದಿಂದಾಗುವ ಕೆದರು. ಮೊದಲನೆಯದು ನೆತ್ತಿಯಲ್ಲೂ ಹಣೆಯ ಅಂಚಿನಲ್ಲೂ ಹೆಚ್ಚು ಎದ್ದು ಕಾಣುತ್ತದೆ, ಎರಡನೆಯದು ತುದಿಗಳಲ್ಲಿ. ಹೆಚ್ಚಿನವರಲ್ಲಿ ಎರಡೂ ಬೆರೆತಿರುತ್ತವೆ, ಮತ್ತು ಎರಡಕ್ಕೂ ಮದ್ದು ಬೇರೆ ಬೇರೆ.

ತೆಂಗಿನೆಣ್ಣೆಯ ಬಗ್ಗೆ ಗಟ್ಟಿ ಪುರಾವೆ ಇದೆ. ಅದು ಯಾವುದಕ್ಕೆ ಪುರಾವೆ ಎಂಬುದನ್ನು ಸರಿಯಾಗಿ ಓದಿಕೊಳ್ಳಬೇಕು. 2003ರಲ್ಲಿ ರೇಲೆ ಮತ್ತು ಮೊಹಿಲೆ ಎಂಬ ಸಂಶೋಧಕರು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಮಿನರಲ್ ಆಯಿಲ್‌ಗಳನ್ನು ಹೋಲಿಸಿದರು. ಕೂದಲನ್ನು ತೊಳೆದು ಬಾಚುವಾಗ ಸವೆದು ಹೋಗುವ ಪ್ರೋಟೀನನ್ನು ಅವರು ಅಳೆದರು. ಮೂರರಲ್ಲಿ ಆ ನಷ್ಟವನ್ನು ಎದ್ದು ಕಾಣುವಷ್ಟು ಇಳಿಸಿದ್ದು ತೆಂಗಿನೆಣ್ಣೆ ಒಂದೇ. ಹಾಳಾಗದ ಕೂದಲಿನಲ್ಲೂ ಇಳಿಸಿತು, ಬ್ಲೀಚ್ ಮಾಡಿದ ಕೂದಲಿನಲ್ಲೂ ಇಳಿಸಿತು. ಕಾರಣ ಅದರ ರಚನೆಯಲ್ಲಿದೆ. ತೆಂಗಿನೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲ. ಅದರ ಸರಪಳಿ ಗಿಡ್ಡ ಮತ್ತು ನೇರ, ಪ್ರೋಟೀನಿನ ಕಡೆಗೆ ಅದಕ್ಕೆ ಸೆಳೆತವೂ ಇದೆ. ಹೀಗಾಗಿ ಕ್ಯೂಟಿಕಲ್ ದಾಟಿ ಒಳಕ್ಕೆ ನುಸುಳುತ್ತದೆ. ಸೂರ್ಯಕಾಂತಿ ಎಣ್ಣೆಯ ಸರಪಳಿಗಳು ಉದ್ದ, ನಡುವೆ ಬಾಗಿದಂಥವು, ಒಳಗೆ ತೂರುವುದು ಕಷ್ಟ. ಮಿನರಲ್ ಆಯಿಲ್ ಪೆಟ್ರೋಲಿಯಂನಿಂದ ಬಂದದ್ದು, ಪ್ರೋಟೀನಿನೊಂದಿಗೆ ಅದಕ್ಕೆ ನಂಟಿಲ್ಲ, ಮೇಲೆಯೇ ಉಳಿಯುತ್ತದೆ. ಅಮೆರಿಕದ ಪ್ರಿನ್ಸ್‌ಟನ್ನಿನ ಜವಳಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಜೊತೆ ಸೇರಿ 2001ರಲ್ಲೇ ಮಾಡಿದ ಇನ್ನೊಂದು ಅಧ್ಯಯನವು ಕೂದಲನ್ನು ಅಡ್ಡ ಕತ್ತರಿಸಿ ಪರೀಕ್ಷಿಸಿ, ತೆಂಗಿನೆಣ್ಣೆ ಒಳಗೆ ಇಳಿದಿರುವುದನ್ನೂ ಮಿನರಲ್ ಆಯಿಲ್ ಇಳಿಯದಿರುವುದನ್ನೂ ತೋರಿಸಿತ್ತು.

ಇಲ್ಲಿ ಓದುಗರು ತಿಳಿದಿರಬೇಕಾದ ಒಂದು ಸಂಗತಿ: ರೇಲೆ ಮತ್ತು ಮೊಹಿಲೆ ಕೆಲಸ ಮಾಡುತ್ತಿದ್ದುದು ಪ್ಯಾರಾಶೂಟ್ ತೆಂಗಿನೆಣ್ಣೆ ಮಾರುವ ಮುಂಬೈಯ ಮ್ಯಾರಿಕೋ ಕಂಪನಿಯಲ್ಲಿ. ಅಷ್ಟಕ್ಕೇ ಫಲಿತಾಂಶ ಸುಳ್ಳಾಗುವುದಿಲ್ಲ. ಅಳತೆಯ ವಿಧಾನ ಬಹಿರಂಗವಾಗಿದೆ, ಎಣ್ಣೆ ಒಳಗಿಳಿಯುವ ವಿವರಣೆ ರಸಾಯನಶಾಸ್ತ್ರಕ್ಕೆ ಒಪ್ಪುವಂತಿದೆ. ಆದರೆ ಅದೇ ಮ್ಯಾರಿಕೋ 2012ರಲ್ಲಿ ಲಿವಾನ್ ಎಂಬ ಸಿಲಿಕೋನ್ ಸೀರಮ್ಮಿನ ಬ್ರ್ಯಾಂಡನ್ನೂ ಕೊಂಡುಕೊಂಡಿತು. ಈಗ ಎರಡೂ ಬಾಟಲಿಗಳು ಒಂದೇ ಮನೆಯವು. ಹಾಗಾಗಿ ಎಣ್ಣೆಯ ಜಾಹೀರಾತನ್ನಾಗಲಿ ಸೀರಮ್ಮಿನ ಜಾಹೀರಾತನ್ನಾಗಲಿ ಇನ್ನೊಂದರ ಮೇಲಿನ ತೀರ್ಪು ಎಂದು ತಿಳಿಯಬೇಕಿಲ್ಲ.

2003ರ ಆ ಪ್ರಯೋಗದಲ್ಲಿ ಅಳೆದದ್ದು ಪ್ರೋಟೀನ್ ನಷ್ಟವನ್ನು, ಕೆದರನ್ನಲ್ಲ. ಎಣ್ಣೆ ಕೆದರಿಗೆ ಸಂಬಂಧಪಡುವುದು ಸುತ್ತುದಾರಿಯಲ್ಲಿ. ತೊಳೆಯುವಾಗ ಕೂದಲು ನೀರು ಕುಡಿದು ಊದುತ್ತದೆ, ಪೊರೆಗಳ ಅಂಚು ಮೇಲೇಳುತ್ತದೆ, ಆ ಸ್ಥಿತಿಯಲ್ಲಿ ಬಾಚಿದರೆ ಅಂಚು ಚೂರಾಗಿ ಉದುರುತ್ತದೆ. ಪ್ರತಿ ಸ್ನಾನಕ್ಕೂ ಹೀಗೆ ಊದಿ ಕುಗ್ಗುತ್ತಾ ಕೂದಲು ದಣಿಯುತ್ತದೆ. ಒಳಗೆ ಮೊದಲೇ ಎಣ್ಣೆ ಇದ್ದರೆ ನೀರಿಗೆ ಜಾಗ ಕಡಿಮೆ, ಊದುವುದೂ ಕಡಿಮೆ. ಇದು ತಿಂಗಳುಗಟ್ಟಲೆ ನಡೆದಾಗ ತುದಿಗಳಲ್ಲಿ ಸವೆತ ನಿಧಾನವಾಗುತ್ತದೆ, ಎರಡನೆಯ ಬಗೆಯ ಕೆದರು ತಡವಾಗಿ ಬರುತ್ತದೆ. ಇವತ್ತು ಎಣ್ಣೆ ಹಚ್ಚಿ ಇವತ್ತೇ ಕೂದಲು ಕೂತುಕೊಳ್ಳಲಿ ಎಂದರೆ ಆಗದ ಮಾತು. ಒಳಗಿಳಿಯುವುದಕ್ಕೆ ಗಂಟೆಗಳು ಬೇಕು. ಹಿಂದಿನ ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯುವ ನಮ್ಮ ಹಳೆಯ ಅಭ್ಯಾಸ ಈ ಲೆಕ್ಕಕ್ಕೆ ಚೆನ್ನಾಗಿ ಹೊಂದುತ್ತದೆ.

ಸೀರಮ್ಮಿನ ಕಥೆ ಪೂರ್ತಿ ಬೇರೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ಸೀರಮ್ಮಿನಲ್ಲಿ ನೀರೇ ಇರುವುದಿಲ್ಲ. ಲೇಬಲ್ಲಿನಲ್ಲಿ ಮೊದಲು ಬರುವ ಹೆಸರು ಸಾಮಾನ್ಯವಾಗಿ ಸೈಕ್ಲೋಪೆಂಟಾಸಿಲಾಕ್ಸೇನ್, ಅದರ ಹಿಂದೆಯೇ ಡೈಮೆಥಿಕೋನ್ ಅಥವಾ ಡೈಮೆಥಿಕೋನಾಲ್. ಮೊದಲನೆಯದು ತೆಳು ದ್ರವ, ಹಚ್ಚಿದ ಸ್ವಲ್ಪ ಹೊತ್ತಿಗೆ ಆರಿಹೋಗುತ್ತದೆ. ಮುದ್ದೆಯಾಗಿ ಕೂರುವಂಥ ದಪ್ಪ ಸಿಲಿಕೋನನ್ನು ಎಲ್ಲ ಕೂದಲಿಗೂ ಸಮನಾಗಿ ಹರಡುವುದಷ್ಟೇ ಅದರ ಕೆಲಸ. ಅದು ಆರಿದ ಮೇಲೆ ಡೈಮೆಥಿಕೋನಾಲಿನ ಅತಿ ತೆಳು ಪೊರೆಯೊಂದು ಉಳಿಯುತ್ತದೆ. ಹಚ್ಚಿದಾಗ ಒದ್ದೆಯೆನಿಸಿದ ಕೂದಲು ಹತ್ತಿಪ್ಪತ್ತು ನಿಮಿಷದಲ್ಲಿ ಏನೂ ಹಚ್ಚಿಲ್ಲವೆಂಬಂತೆ ಹಗುರಾಗುವುದು ಇದರಿಂದ. ಆ ಪೊರೆ ಕೂದಲುಗಳ ನಡುವಿನ ಘರ್ಷಣೆಯನ್ನು ಕಡಿಮೆ ಮಾಡುತ್ತದೆ. ಚಾಚಿಕೊಂಡ ಕೂದಲು ತೊಡರದೆ ಜಾರಿ ತನ್ನ ಸಾಲಿಗೆ ಬರುತ್ತದೆ, ಬೆಳಕು ಸಮನಾಗಿ ಪ್ರತಿಫಲಿಸಿ ಹೊಳಪು ಕಾಣುತ್ತದೆ. ಕೆಲವು ಸೀರಮ್ ಮತ್ತು ಕಂಡೀಶನರುಗಳಲ್ಲಿ ಅಮೋಡೈಮೆಥಿಕೋನ್ ಎಂಬ ಇನ್ನೊಂದು ಜಾತಿಯ ಸಿಲಿಕೋನ್ ಇರುತ್ತದೆ. ಅದಕ್ಕೆ ಧನ ವಿದ್ಯುದಂಶ ಇದೆ, ಬ್ಲೀಚಿನಿಂದ ಹಾಳಾದ ಜಾಗಗಳಲ್ಲಿ ಋಣ ವಿದ್ಯುದಂಶ ಹೆಚ್ಚು. ಹೀಗಾಗಿ ಎಲ್ಲಿ ಸವೆತ ಹೆಚ್ಚೋ ಅಲ್ಲೇ ಹೋಗಿ ಅಂಟಿಕೊಳ್ಳುತ್ತದೆ. ಬಣ್ಣ ಹಾಕಿಸಿದ ಕೂದಲಿಗೆ ನಾನು ಲೇಬಲ್ಲಿನಲ್ಲಿ ಹುಡುಕುವ ಹೆಸರು ಅದೇ.

ಇಷ್ಟೆಲ್ಲ ಮಾಡಿದರೂ ಸೀರಮ್ ಒಳಗಿನ ಯಾವುದನ್ನೂ ಸರಿಪಡಿಸುವುದಿಲ್ಲ. ‘ಡ್ಯಾಮೇಜ್ ರಿಪೇರಿ’ ಎಂದು ಬಾಟಲಿಯ ಮೇಲೆ ಬರೆದಿದ್ದರೆ, ಹೋದ ಪದರದ ಬದಲಿಗೆ ಒಂದೆರಡು ದಿನದ ಮಟ್ಟಿಗೆ ಇನ್ನೊಂದು ಪದರ ಎಂದಷ್ಟೇ ಅದರ ಅರ್ಥ.

ಗಾಳಿಯ ತೇವವನ್ನು ಇವೆರಡರಲ್ಲಿ ಯಾವುದು ತಡೆಯುತ್ತದೆ ಎಂಬುದು ಕರಾವಳಿಯವರಿಗೆ ಮುಖ್ಯ ಪ್ರಶ್ನೆ. ನೇರವಾದ ಉತ್ತರ: ಪೂರ್ತಿಯಾಗಿ ಎರಡೂ ತಡೆಯುವುದಿಲ್ಲ. ಸಿಲಿಕೋನ್ ಪೊರೆ ನೀರಿನ ಹನಿಯನ್ನು ಜಾರಿಸುತ್ತದೆ, ಆದರೆ ನೀರಿನ ಆವಿಗೆ ಅದು ಸಲೀಸಾದ ದಾರಿ. ಹನಿ ಬೇರೆ, ಆವಿ ಬೇರೆ ಎಂಬ ಈ ವ್ಯತ್ಯಾಸವನ್ನು ಜಾಹೀರಾತುಗಳು ಹೇಳುವುದಿಲ್ಲ. ಎಣ್ಣೆಯ ದಪ್ಪ ಪದರ ಆವಿ ಒಳಹೋಗುವ ವೇಗವನ್ನು ಕೊಂಚ ತಗ್ಗಿಸುತ್ತದೆ, ಆದರೆ ಗಂಟೆಗಟ್ಟಲೆ ತೇವದ ಗಾಳಿಯಲ್ಲಿದ್ದರೆ ಕೂದಲು ಕೊನೆಗೆ ಹೀರುವಷ್ಟನ್ನು ಹೀರಿಯೇ ತೀರುತ್ತದೆ. ಹೀಗಾಗಿ ಮಳೆಗಾಲದ ಮಂಗಳೂರಿನಲ್ಲಿ ಸೀರಮ್ಮಿನಿಂದ ಸಿಗುವುದು ತಿರುಗಿದ ಕೂದಲುಗಳು ಒಟ್ಟಿಗೆ ಉಳಿಯುವ ಅನುಕೂಲ. ಕೂದಲು ತಿರುಗದಂತೆ ಮಾಡುವ ಶಕ್ತಿ ಅದಕ್ಕಿಲ್ಲ. ನೀರು ಮೂಲವಾಗಿರುವ ಕ್ರೀಮಿನಂಥ ಕೆಲವು ಲೀವ್-ಇನ್‌ಗಳಲ್ಲಿ ಗ್ಲಿಸರಿನ್ ಮೊದಲ ಸಾಲಿನಲ್ಲೇ ಇರುತ್ತದೆ. ತೇವವನ್ನು ಎಳೆದುಕೊಳ್ಳುವುದು ಗ್ಲಿಸರಿನ್ನಿನ ಸ್ವಭಾವ, ಆದ್ದರಿಂದ ಕರಾವಳಿಯ ಜೂನ್ ತಿಂಗಳಿಗೆ ಅಂಥದ್ದನ್ನು ನಾನು ಆರಿಸುವುದಿಲ್ಲ.

ನನ್ನ ಅಕ್ಕನ ಮಗಳು ಹುಬ್ಬಳ್ಳಿಯವಳು. ಕೆಲಸ ಸಿಕ್ಕಿ ಮಂಗಳೂರಿಗೆ ಹೋದಳು. ಅಲೆಯಲೆಯಾದ ಕೂದಲು, ಭುಜದಿಂದ ಒಂದು ಗೇಣು ಕೆಳಗೆ ಇಳಿಯುವಷ್ಟು ಉದ್ದ, ಹಿಂದಿನ ವರ್ಷ ತುದಿಗಳನ್ನು ಬ್ಲೀಚ್ ಮಾಡಿಸಿ ಬಣ್ಣ ಹಾಕಿಸಿದ್ದಳು. “ಮೌಶಿ, ಊರಾಗ ಇದ್ದಾಗ ಕೂದಲ ಇಷ್ಟ ಹಾರತಿರಲಿಲ್ಲ. ಇಲ್ಲಿ ಆಫೀಸ್ ಮುಟ್ಟೂದ್ರಾಗ ತಲಿ ಗುಬ್ಬಿಗೂಡ ಆಗತದ” ಎಂದು ಫೋನಿನಲ್ಲಿ ಅಳುಮೋರೆ ಮಾಡಿದಳು. ಅವಳು ಮಾಡುತ್ತಿದ್ದುದು ಇಷ್ಟು: ಬೆಳಿಗ್ಗೆ ತಲೆಸ್ನಾನ ಮಾಡಿ, ಟವೆಲ್ಲಿನಲ್ಲಿ ಗಸಗಸ ಉಜ್ಜಿ, ಒಣಗಿದ ಮೇಲೆ ಅಂಗೈ ತುಂಬ ತೆಂಗಿನೆಣ್ಣೆ ಸವರಿಕೊಂಡು ಹೊರಡುವುದು. ತುದಿಗಳು ಎಣ್ಣೆಯ ಭಾರಕ್ಕೆ ಜೋತುಬಿದ್ದು, ಕುರ್ತಾದ ಬೆನ್ನಿಗೆ ಕಲೆ ಹಿಡಿದು, ನೆತ್ತಿ ಮಾತ್ರ ಕೆದರಿಕೊಂಡೇ ಇತ್ತು. ಆಮೇಲೆ ಯಾರದೋ ಮಾತು ಕೇಳಿ ಸೀರಮ್ ತಂದು, ಎಣ್ಣೆಯಂತೆಯೇ ಬುಡದಿಂದ ಹಚ್ಚಿದಳು. ಅದೂ ಜಿಡ್ಡಾಯಿತು. ಎರಡೂ ಉಪಯೋಗವಿಲ್ಲ ಎಂದು ತೀರ್ಮಾನಿಸಿದ್ದಳು.

ನಾವು ಮೊದಲು ಬದಲಿಸಿದ್ದು ಹೊತ್ತನ್ನು. ವಾರದಲ್ಲಿ ಎರಡು ಬಾರಿ ತಲೆಸ್ನಾನದ ಹಿಂದಿನ ರಾತ್ರಿ, ಒಂದೂವರೆ ಟೀ ಚಮಚದಷ್ಟು ತೆಂಗಿನೆಣ್ಣೆಯನ್ನು ಕಿವಿಯ ಮಟ್ಟದಿಂದ ಕೆಳಗೆ, ಬ್ಲೀಚ್ ಆದ ತುದಿಗಳಿಗೆ ಒತ್ತು ಕೊಟ್ಟು ಹಚ್ಚಿ, ಅಗಲ ಹಲ್ಲಿನ ಬಾಚಣಿಗೆಯಿಂದ ಬಾಚಿ, ಸಡಿಲ ಜಡೆ. ಬೆಳಿಗ್ಗೆ ಶಾಂಪೂ ನೆತ್ತಿಗಷ್ಟೇ. ನೊರೆ ಕೆಳಗೆ ಇಳಿಯುವಾಗ ಉಳಿದ ಎಣ್ಣೆಯನ್ನು ಒಯ್ಯುತ್ತದೆ. ತುದಿಗಳಿಗೆ ಕಂಡೀಶನರ್. ಟವೆಲ್ಲಿನ ಉಜ್ಜಾಟ ಬಿಟ್ಟು, ಹಳೆಯ ಹತ್ತಿ ಬಟ್ಟೆಯಿಂದ ಅದುಮಿ ನೀರು ತೆಗೆಯುವುದು. ನೀರು ತೊಟ್ಟಿಕ್ಕುವುದು ನಿಂತು ಕೂದಲು ಇನ್ನೂ ಹಸಿಯಾಗಿರುವಾಗಲೇ ಮೂರು ಹನಿ ಸೀರಮ್. ಎರಡೂ ಅಂಗೈಗೆ ಉಜ್ಜಿಕೊಂಡು ಮೊದಲು ತುದಿಗೆ, ನಂತರ ನಡುವಿಗೆ, ಕೊನೆಗೆ ಕೈಯಲ್ಲಿ ಉಳಿದ ಪಸೆಯನ್ನು ಮಾತ್ರ ನೆತ್ತಿಯ ಮೇಲ್ಮೈಗೆ. ಒಣಗುವ ತನಕ ಕೈ ಹಾಕದಿರುವುದು. ಹಸಿಯಾಗಿರುವಾಗ ಹಚ್ಚುವುದರಲ್ಲಿ ಅರ್ಥವಿದೆ: ಬಂಧಗಳು ಮತ್ತೆ ಕೂಡುವುದು ಒಣಗುವ ಹೊತ್ತಿನಲ್ಲಿ, ಆ ಹೊತ್ತಿಗೆ ಕೂದಲುಗಳು ಸಾಲಾಗಿ ಇದ್ದರೆ ಅದೇ ಆಕಾರ ನಿಲ್ಲುತ್ತದೆ. ಒಣಗಿ ಕೆದರಿದ ಮೇಲೆ ಹಚ್ಚಿದರೆ ಕೆದರಿದ ಆಕಾರಕ್ಕೇ ಹೊಳಪು ಬಂದಂತೆ.

ಎಣ್ಣೆಗೆ ಕೆಲಸವಿದೆಯೇ ಎಂದು ಅವಳಿಗೆ ನಂಬಿಕೆ ಇರಲಿಲ್ಲ. ಸೌಂದರ್ಯವರ್ಧಕ ಕಂಪನಿಗಳು ತಮ್ಮ ಉತ್ಪನ್ನಗಳನ್ನು ಪರೀಕ್ಷಿಸುವ ಒಂದು ಸರಳ ಕ್ರಮವನ್ನು ಅನುಸರಿಸಲು ಹೇಳಿದೆ. ಬೈತಲೆ ತೆಗೆದು ಎಡಭಾಗಕ್ಕೆ ಮಾತ್ರ ಹಿಂದಿನ ರಾತ್ರಿ ಎಣ್ಣೆ, ಬಲಭಾಗಕ್ಕೆ ಇಲ್ಲ. ಶಾಂಪೂ, ಕಂಡೀಶನರ್, ಸೀರಮ್ ಎರಡಕ್ಕೂ ಒಂದೇ. ಕೆಲವು ವಾರಗಳ ನಂತರ ಅವಳು ಹೇಳಿದ್ದು ನನಗೆ ತುಂಬ ತಿಳಿವಳಿಕೆಯ ಮಾತಾಗಿ ಕಂಡಿತು. ಸಂಜೆಯ ಹೊತ್ತಿಗೆ ನೆತ್ತಿಯ ಕೆದರು ಎರಡೂ ಕಡೆ ಸಮವಾಗಿತ್ತು, ಮೊದಲಿಗಿಂತ ಕಡಿಮೆ. ಆದರೆ ಒದ್ದೆ ಕೂದಲು ಬಾಚುವಾಗ ಎಡಭಾಗದ ತುದಿಗಳು ಕಡಿಮೆ ಸಿಕ್ಕಾಗುತ್ತಿದ್ದವು, ಬಾಚಣಿಗೆಯಲ್ಲಿ ತುಂಡು ಕೂದಲು ಬರುತ್ತಿದ್ದುದು ಹೆಚ್ಚಾಗಿ ಬಲಭಾಗದಿಂದ. ಒಬ್ಬಳ ತಲೆಯಿಂದ ಎಲ್ಲರಿಗೂ ನಿಯಮ ಹೊರಡುವುದಿಲ್ಲ. ಆದರೂ ಆ ದಿನದ ಕೆದರು ಸೀರಮ್ಮಿನ ಪಾಲಿಗೆ, ತಿಂಗಳುಗಳ ಸವೆತ ಎಣ್ಣೆಯ ಪಾಲಿಗೆ ಎಂಬ ಹಂಚಿಕೆ ಪ್ರಯೋಗಾಲಯದ ಮಾತಿಗೆ ಹೊಂದುತ್ತದೆ. ಮನೆಯಲ್ಲಿ ಇನ್ನೊಂದು ಪರೀಕ್ಷೆ ಜನಪ್ರಿಯವಾಗಿದೆ, ಉದುರಿದ ಕೂದಲನ್ನು ಲೋಟದ ನೀರಿಗೆ ಹಾಕಿ ತೇಲುತ್ತದೋ ಮುಳುಗುತ್ತದೋ ನೋಡುವುದು. ಮೇಲೆ ಅಂಟಿದ ಎಣ್ಣೆಯಿಂದಲೇ ಅದು ತೇಲಬಹುದು, ಅದನ್ನು ನಂಬಬೇಡಿ.

ಸಿಲಿಕೋನಿನ ಬಗ್ಗೆ ಇರುವ ಭಯಗಳಲ್ಲಿ ಒಂದು ಪೊಳ್ಳು, ಒಂದು ಅರ್ಧ ನಿಜ, ಒಂದು ನಿಜ. ಕೂದಲಿಗೆ ಉಸಿರುಗಟ್ಟುತ್ತದೆ ಎಂಬುದು ಪೊಳ್ಳು, ಕೂದಲು ಉಸಿರಾಡುವುದಿಲ್ಲ. ಪದರದ ಮೇಲೆ ಪದರ ಕೂತು ಕೂದಲು ಭಾರವಾಗುತ್ತದೆ ಎಂಬುದು ಅರ್ಧ ನಿಜ. ಸಲ್ಫೇಟ್ ಇರುವ ಮಾಮೂಲಿ ಶಾಂಪೂ ಡೈಮೆಥಿಕೋನನ್ನು ಬಹುಮಟ್ಟಿಗೆ ತೆಗೆಯುತ್ತದೆ. ಆದರೆ ಬಹಳ ಸೌಮ್ಯ ಶಾಂಪೂ ಅಥವಾ ಬರೀ ಸೀಗೆಕಾಯಿ ಬಳಸುವವರಲ್ಲಿ ಅದು ಉಳಿಯಬಹುದು, ಹಾಳಾದ ಕೂದಲಿಗೆ ಅಂಟುವ ಅಮೋಡೈಮೆಥಿಕೋನ್ ಇನ್ನೂ ಹೆಚ್ಚು. ತೊಳೆದ ಮರುದಿನವೇ ತುದಿಗಳು ಮಂಕಾಗಿ, ಮೇಣ ಸವರಿದಂತೆ ಅನಿಸಿದರೆ, ಸೀರಮ್ ಹಾಕಿದಷ್ಟೂ ಪರಿಣಾಮ ಕಡಿಮೆಯಾಗುತ್ತಾ ಹೋದರೆ ಅದೇ ಲಕ್ಷಣ. ಒಂದೆರಡು ಸಲ ಗಟ್ಟಿ ಶಾಂಪೂವಿನಿಂದ ತೊಳೆದರೆ ಹೋಗುತ್ತದೆ. ಹಾಗೆ ತೊಳೆಯುವ ಹಿಂದಿನ ರಾತ್ರಿ ತೆಂಗಿನೆಣ್ಣೆ ಹಚ್ಚುವುದನ್ನು ಮಾತ್ರ ಬಿಡಬೇಡಿ. ನಿಜವಾದ ಆತಂಕ ಪರಿಸರದ್ದು. ಆರಿಹೋಗುವ ಆ ಸೈಕ್ಲೋಪೆಂಟಾಸಿಲಾಕ್ಸೇನ್ ಪರಿಸರದಲ್ಲಿ ಬಹುಕಾಲ ಉಳಿದು ಜೀವಿಗಳ ದೇಹದಲ್ಲಿ ಸೇರಿಕೊಳ್ಳುತ್ತದೆ ಎಂಬ ಕಾರಣಕ್ಕೆ ಯುರೋಪಿಯನ್ ಒಕ್ಕೂಟ 2020ರಿಂದ ತೊಳೆದು ಬಿಡುವ ಶಾಂಪೂವಿನಂಥ ಉತ್ಪನ್ನಗಳಲ್ಲಿ ಅದನ್ನು ಶೇಕಡ 0.1ಕ್ಕೆ ಮಿತಿಗೊಳಿಸಿತು. ಹಚ್ಚಿ ಬಿಡುವ ಸೀರಮ್‌ಗಳಿಗೂ 2027ರ ಜೂನ್‌ನಿಂದ ಅದೇ ಮಿತಿ ಅಲ್ಲಿ ಅನ್ವಯಿಸುತ್ತದೆ. ಐಸೋಡೋಡೆಕೇನ್‌ನಂಥ, ಸಿಲಿಕೋನ್ ಅಲ್ಲದ ಆರುವ ದ್ರವಗಳನ್ನು ಬಳಸುವ ಸೀರಮ್‌ಗಳು ಈಗಾಗಲೇ ಬಂದಿವೆ.

ಎಣ್ಣೆಗೂ ಮಿತಿಗಳಿವೆ. ತಲೆಹೊಟ್ಟಿಗೆ ಕಾರಣವಾಗುವ ಮಲಸೀಜಿಯಾ ಎಂಬ ಶಿಲೀಂಧ್ರ ಕೊಬ್ಬಿನಾಮ್ಲಗಳನ್ನು ತಿಂದು ಬೆಳೆಯುತ್ತದೆ. ಹೊಟ್ಟು, ತುರಿಕೆ ಇರುವವರು ನೆತ್ತಿಗೆ ಎಣ್ಣೆ ತಟ್ಟಿ ರಾತ್ರಿಯಿಡೀ ಬಿಡುವುದರಿಂದ ಅದು ಹೆಚ್ಚಬಹುದು. ಅಂಥವರು ಕೂದಲಿನ ಉದ್ದಕ್ಕಷ್ಟೇ ಹಚ್ಚಬೇಕು. ಹಣೆಯ ಅಂಚಿನಲ್ಲಿ ಗುಳ್ಳೆ ಏಳುವವರಿಗೂ ಅದೇ ಮಾತು. ಕೆಲವರ ಕೂದಲು ತೆಂಗಿನೆಣ್ಣೆಯಿಂದ ಮೆತ್ತಗಾಗುವ ಬದಲು ಕಡ್ಡಿಯಂತಾಗುತ್ತದೆ. 24 ಡಿಗ್ರಿ ಸೆಲ್ಸಿಯಸ್ ಹತ್ತಿರ ಅದು ಹೆಪ್ಪುಗಟ್ಟುವುದರಿಂದ ಬೆಂಗಳೂರಿನ ಡಿಸೆಂಬರಿನಲ್ಲಿ ಈ ದೂರು ಹೆಚ್ಚು. ಬಿಸಿನೀರಿನಲ್ಲಿ ಬಾಟಲಿ ಇಟ್ಟು ಕರಗಿಸಿ, ಪ್ರಮಾಣ ಅರ್ಧಕ್ಕಿಳಿಸಿ ನೋಡಬಹುದು. ಆಗಲೂ ಹಾಗೇ ಆದರೆ ಅದು ಆ ಕೂದಲಿಗೆ ಹೊಂದುವುದಿಲ್ಲ.

ಕೊಳ್ಳುವಾಗ ಇನ್ನೊಂದು ಎಚ್ಚರ. ಬಾಟಲಿಯ ಮೇಲೆ ತೆಂಗಿನಕಾಯಿಯ ಚಿತ್ರ ಇದ್ದ ಮಾತ್ರಕ್ಕೆ ಒಳಗಿರುವುದೆಲ್ಲ ತೆಂಗಿನೆಣ್ಣೆಯಲ್ಲ. ‘ಅಂಟದ’, ‘ಹಗುರ’ ಎಂದು ಮಾರುವ ಹಲವು ಹೇರ್ ಆಯಿಲ್‌ಗಳಲ್ಲಿ ದೊಡ್ಡ ಪಾಲು ಮಿನರಲ್ ಆಯಿಲ್, ಅಂದರೆ 2001ರ ಅಧ್ಯಯನದಲ್ಲಿ ಒಳಗಿಳಿಯದೆ ಉಳಿದ ಎಣ್ಣೆ. ಅದು ಸೀರಮ್ಮಿನ ಹಾಗೆ ಮೇಲೆ ಜಾರಿಸುತ್ತದೆ, ತೊಳೆಯುವ ಮುಂಚಿನ ಕೆಲಸಕ್ಕೆ ಬಾರದು. ಶುದ್ಧ ತೆಂಗಿನೆಣ್ಣೆಯ ಪ್ಯಾಕೆಟ್‌ಗಳನ್ನು ನಮ್ಮಲ್ಲಿ ಖಾದ್ಯ ತೈಲವೆಂದೇ ಮಾರುತ್ತಾರೆ. ಚಿಕ್ಕ ಪ್ಯಾಕೆಟ್ಟಿನಲ್ಲಿ ಮಾರಿದ ಮಾತ್ರಕ್ಕೆ ಅದು ಹೇರ್ ಆಯಿಲ್ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ತೆರಿಗೆಯ ಮೊಕದ್ದಮೆಯೊಂದರಲ್ಲಿ ಹೇಳಿತು. ಹಾಗಾಗಿ ಅಡುಗೆಗೆ ತರುವ ಎಣ್ಣೆಯನ್ನೇ ಧಾರಾಳವಾಗಿ ಕೂದಲಿಗೂ ಬಳಸಬಹುದು.

ಸ್ಟ್ರೈಟ್ನರ್ ಹಿಡಿಯುವವರು ಎಣ್ಣೆ ಹಚ್ಚಿದ ಕೂದಲಿಗೆ ಅದನ್ನು ತಾಗಿಸಬಾರದು. 200 ಡಿಗ್ರಿಯ ಆಸುಪಾಸಿನ ಆ ತಗಡಿಗೆ ತೆಂಗಿನೆಣ್ಣೆ ಹೊಗೆಯಾಡತೊಡಗುತ್ತದೆ. ಸಿಲಿಕೋನ್ ಅಷ್ಟು ಬಿಸಿಯನ್ನು ತಾಳುತ್ತದೆ, ಶಾಖ ಒಳಹೋಗುವುದನ್ನು ಸ್ವಲ್ಪ ನಿಧಾನಿಸುತ್ತದೆ. ಆದರೆ ಕೂದಲು ಪೂರ್ತಿ ಒಣಗಿರಬೇಕು, ಇಲ್ಲವಾದರೆ ಒಳಗಿನ ನೀರು ಕುದಿದು ಗುಳ್ಳೆಗಳಾಗಿ ಕೂದಲು ಅಲ್ಲೇ ಒಡೆಯುತ್ತದೆ. ಗುಂಗುರು ಕೂದಲಿನವರು ಒಣಗಿದ ಮೇಲೆ ಬ್ರಶ್ಶಿನಿಂದ ಬಾಚುತ್ತಿದ್ದರೆ, ಎಣ್ಣೆ ಮತ್ತು ಸೀರಮ್ ಎರಡಕ್ಕೂ ಮೊದಲು ಆ ಬ್ರಶ್ಶನ್ನು ಬದಿಗಿಟ್ಟು ನೋಡಲಿ. ಒಟ್ಟಿಗೆ ಸುತ್ತಿಕೊಂಡಿದ್ದ ಕೂದಲುಗಳನ್ನು ಬಿಡಿಬಿಡಿಯಾಗಿ ಎಳೆದು ಕೆದರಿಸುತ್ತಿರುವುದು ಅದೇ. ಕಂಡೀಶನರ್ ಇರುವಾಗ, ಹಸಿಯಾಗಿರುವಾಗ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಆರಂಭಿಸಿ ಮೇಲಕ್ಕೆ ಸಿಕ್ಕು ಬಿಡಿಸಿಕೊಂಡರೆ ಸಾಕು. ಹಾಗೆ ಕೆಲವು ವಾರ ಕಳೆದ ಮೇಲೂ ಕೆದರು ಉಳಿದರೆ ಆಗ ಸೀರಮ್ ಕೊಳ್ಳಬಹುದು.